ಕಥನಗೀತೆಯ ಶೋಕವೂ ಎರವಲು ಸ್ವರಮೇಳವೂ

ಕೆಲವು ತಿಂಗಳುಗಳ ಹಿಂದೆ ಯಲಹಂಕದ ಕಾಲೇಜೊಂದರ ಸಭಾಭವನದಲ್ಲಿ ವಿದ್ಯಾರ್ಥಿಗಳು 'ಕೆರೆಗೆ ಹಾರ'ವೆಂಬ ಜನಪದ ಕಥನಗೀತೆಯನ್ನು ತಾವೇ ಕಟ್ಟಿದ ಧಾಟಿಯಲ್ಲಿ, ಗಿಟಾರಿನೊಡನೆ ಹಾಡಿದುದನ್ನು ಕೇಳುವ ಅವಕಾಶ ಈ ಲೇಖಕನಿಗೆ ದೊರೆಯಿತು. ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ಪ್ರಾಣವಿತ್ತಳೆಂಬ ಐತಿಹ್ಯವನ್ನು ಬಲ್ಲ ಯಲಹಂಕದ ಶ್ರೋತೃಗಳಿಗೆ, ಕೆರೆಗೆ ಬಲಿಯಾದ ಕಿರಿಸೊಸೆ ಭಾಗೀರಥಿಯ ಕಥೆ ಪರಕೀಯವೇನಲ್ಲ. ಆದರೂ ಹಾಡು ಮನಸ್ಸನ್ನು ಮುಟ್ಟಲಿಲ್ಲ. ಕಂಠದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಸ್ವರಮೇಳಗಳ ಆಯ್ಕೆಯಲ್ಲಿ. ಅದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ವಾದಕರು ಕಾರ್ಡ್ ಎನ್ನುವುದನ್ನೇ ಇಲ್ಲಿ ಸ್ವರಮೇಳವೆಂದು ಕರೆದಿದೆ. ವಿದ್ಯಾರ್ಥಿಗಳು ಹಿಡಿದಿದ್ದ ಆಧಾರ ಷಡ್ಜ, ಪಾಶ್ಚಾತ್ಯರ ಎ ಸ್ವರ. ಧಾಟಿ ನಮ್ಮ ನಟಭೈರವಿಯ ಸ್ವರಗಳಲ್ಲಿತ್ತು. ಪಾಶ್ಚಾತ್ಯರು ಇದನ್ನು ಸಹಜ ಮೈನರ್ ಎನ್ನುತ್ತಾರೆ. ಈ ಏಳು ಸ್ವರಗಳಿಂದಲೇ ಹುಟ್ಟುವ ಎ ಮೈನರ್, ಡಿ ಮೈನರ್, ಇ ಮೈನರ್, ಎಫ್ ಮೇಜರ್ ಮುಂತಾದವು ಧಾಟಿಯ ಸ್ವಂತ ಮೇಳಗಳು. ಅದೇ ಷಡ್ಜದ ಮೇಜರ್ ಧಾಟಿಯಿಂದ ತಂದ ಮೇಳ ಎರವಲಿನದು. ಅದು ಯಾವುದಾದರೊಂದು ಸ್ವರವನ್ನು ಅರ್ಧ ಮೆಟ್ಟಿಲು ಬದಲಿಸುತ್ತದೆ. ಇ ಮೇಜರಿನಲ್ಲಿ ಕೈಶಿಕಿಯ ಬದಲು ಕಾಕಲಿ ನಿಷಾದವೂ, ಡಿ ಮೇಜರಿನಲ್ಲಿ ಶುದ್ಧದ ಬದಲು ಚತುಶ್ಶ್ರುತಿ ಧೈವತವೂ ಬರುವುವು.

ಅಂದಿನ ಗಾಯನದಲ್ಲಿ ಪ್ರತಿಯೊಂದು ನುಡಿಯೂ ಇ ಮೇಜರಿನ ಮೂಲಕ ಎ ಮೈನರಿಗೆ ಮರಳುತ್ತಿತ್ತು. ಇದರಿಂದ ಎರಡು ಹಾನಿಗಳಾದುವು. ಮೊದಲನೆಯದು, ಗಾಯಕಿ ಕೈಶಿಕಿ ನಿಷಾದವನ್ನು ಹಾಡುತ್ತಿದ್ದ ಕ್ಷಣದಲ್ಲಿಯೇ ಗಿಟಾರು ಕಾಕಲಿಯನ್ನು ನುಡಿಸುತ್ತಿತ್ತು. ಅರ್ಧ ಮೆಟ್ಟಿಲಿನ ಈ ತಿಕ್ಕಾಟದಿಂದ, ಮೂರನೆಯ ನುಡಿಯ ಹೊತ್ತಿಗೆ ಆಕೆಯ ನಿಷಾದವೇ ಮೇಲಕ್ಕೆ ಜಾರತೊಡಗಿತು. ಎರಡನೆಯದು ಇನ್ನೂ ಗಂಭೀರವಾದುದು. ಕಾಕಲಿಯು ಷಡ್ಜವನ್ನು ಬಲವಾಗಿ ಬಯಸುವ ಸ್ವರವಾದುದರಿಂದ ಇ ಮೇಜರಿನ ಬಳಿಕ ಬರುವ ಎ ಮೈನರ್ 'ಮುಗಿಯಿತು' ಎಂದು ಸಾರುತ್ತದೆ. ನುಡಿನುಡಿಗೂ ಮುಗಿಯುವ ಕಥೆಯಲ್ಲಿ ಕೊನೆಯ ಮುಳುಗಡೆಗೆ ಉಳಿಯುವುದೇನು?

ನಿಮಿಷಕ್ಕೆ 60 ಎಣಿಕೆಯ ವಿಳಂಬದಲ್ಲಿ, ನಾಲ್ಕು ಎಣಿಕೆಗೊಂದರಂತೆ ಎ ಮೈನರ್, ಎಫ್ ಮೇಜರ್, ಇ ಮೈನರ್, ಮತ್ತೆ ಎ ಮೈನರ್ ಎಂಬ ಸರಳ ಕ್ರಮ ಸಾಕಾಗಿತ್ತು. ಇ ಮೈನರಿನಲ್ಲಿ ಕಾಕಲಿಯ ಸೆಳೆತವಿಲ್ಲ. ನುಡಿ ಮುಗಿದರೂ ಕಥೆ ಮುಂದುವರಿಯುತ್ತದೆ. ಭಾಗೀರಥಿ ಒಂದೊಂದು ಮೆಟ್ಟಿಲೇರಿದಂತೆ ನೀರು ಪಾದದಿಂದ ಮೇಲೇರುವ ಭಾಗದಲ್ಲಿ ಮಾತು ಮರುಕಳಿಸುವಂತೆ ಮೇಳವೂ ಮರುಕಳಿಸಬೇಕು. ಅಲ್ಲಿನ ಭೀತಿ ಇರುವುದೇ ಆ ಬದಲಾಗದಿರುವಿಕೆಯಲ್ಲಿ.

ಹಾಗಾದರೆ ಎರವಲಿಗೆ ತಾಣವೆಲ್ಲಿ? ಭಾಗೀರಥಿ ತವರಿಗೆ ಹೋಗಿ, ದುಃಖದ ಕಾರಣ ಕೇಳಿದ ಹೆತ್ತವರಿಗೆ ನಿಜವನ್ನು ಮುಚ್ಚಿ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರೆಂದು ಹೇಳುವಲ್ಲಿ. ಆ ಮಾತಿನ ಕೊನೆಯ ಅಕ್ಷರವನ್ನು ಷಡ್ಜದ ಮೇಲೆ ಹನ್ನೆರಡು ಎಣಿಕೆ ನಿಲ್ಲಿಸಿ, ಅದರಡಿಯಲ್ಲಿ ಡಿ ಮೇಜರ್, ಡಿ ಮೈನರ್, ಎ ಮೈನರ್ ಎಂದು ನುಡಿಸಬಹುದು. ಮೂರು ಮೇಳಗಳಲ್ಲಿಯೂ ಷಡ್ಜವಿರುವುದರಿಂದ ಕಂಠ ಅಲುಗುವುದಿಲ್ಲ. ಒಳಗಿನ ಒಂದು ಸ್ವರ ಮಾತ್ರ ಚತುಶ್ಶ್ರುತಿ ಧೈವತದಿಂದ ಶುದ್ಧ ಧೈವತಕ್ಕೆ, ಅಲ್ಲಿಂದ ಪಂಚಮಕ್ಕೆ ಇಳಿಯುತ್ತದೆ. ಹುಸಿ ಸಮಾಧಾನ ಒಂದು ಗಳಿಗೆ ಬೆಳಗಿ ಆರುವುದು ಕಿವಿಗೆ ತಿಳಿಯುತ್ತದೆ. ಮುಂದೆ ಗೆಳತಿಗೆ ನಿಜ ಹೇಳುವಲ್ಲಿ ಈ ಬೆಳಕು ಬೇಡ. ಹಳೆಯ ಕ್ರಮವೇ ಇರಲಿ.

ಈ ಉಪಾಯಕ್ಕೆ ಮಿತಿಗಳುಂಟು. ಕಂಠವು ಅಲ್ಲಿ ಶುದ್ಧ ಧೈವತವನ್ನು ಮುಟ್ಟಿದರೆ ಡಿ ಮೇಜರ್ ಸಲ್ಲದು. ಗಮಕದಿಂದ ತೂಗುವ ಗಾಂಧಾರದಡಿಯಲ್ಲಿ ಸ್ಥಿರವಾದ ಮೇಳವನ್ನು ಹಿಡಿದರೆ, ಶ್ರುತಿ ತಪ್ಪಿದಂತೆ ಕೇಳಿಸುತ್ತದೆ. ನಿಂತ ಸ್ವರದಡಿಯಲ್ಲಿಯೇ ಮೇಳವನ್ನು ಬದಲಿಸಬೇಕು. ಶ್ರುತಿಪೆಟ್ಟಿಗೆಯ ಪಂಚಮ ಡಿ ಮೈನರಿನ ಶುದ್ಧ ಧೈವತಕ್ಕೆ ಒರಸುವುದರಿಂದ ಷಡ್ಜವೊಂದನ್ನೇ ಉಳಿಸಿಕೊಳ್ಳುವುದು ಲೇಸು. ಪರೀಕ್ಷೆ ಸುಲಭ: ಪ್ರತಿ ಮೇಳದಡಿಯಲ್ಲಿ ಕಂಠವು ನಿಲ್ಲುವ ಸ್ವರವನ್ನು ಬರೆದಿಟ್ಟು, ಅದಕ್ಕೆ ಅರ್ಧ ಮೆಟ್ಟಿಲಿನ ನೆರೆಯ ಸ್ವರ ಮೇಳದಲ್ಲಿದೆಯೇ ಎಂದು ನೋಡುವುದು.

ಜನಪದ ಗಾಯಕಿಯರು ಈ ಕಥೆಯನ್ನು ಯಾವ ಸ್ವರಮೇಳದ ನೆರವೂ ಇಲ್ಲದೆ ಉಳಿಸಿಕೊಂಡು ಬಂದವರು. ಹಾಡಿಗೆ ಇಲ್ಲದಿದ್ದುದನ್ನು ನಾವು ಸೇರಿಸುವಾಗ, ಅದು ಕಥೆಯ ಯಾವ ತಿರುವಿಗೆ ಬೇಕೆಂದು ತೋರಿಸುವ ಹೊಣೆ ನಮ್ಮದು. ಅಂದಿನ ಎರವಲು ಮೇಳಗಳು ಎಲ್ಲೆಡೆಯೂ ಇದ್ದುವು; ಆದುದರಿಂದಲೇ ಎಲ್ಲಿಯೂ ಕೇಳಿಸಲಿಲ್ಲ.