ರಿಮೋಟ್ ಹೇಳುವುದೇನು, ಏಸಿ ಕೇಳುವುದೇನು

ಟಿ.ವಿ. ರಿಮೋಟಿನಲ್ಲಿ ವಾಲ್ಯೂಮ್ ಗುಂಡಿ ಒತ್ತಿದರೆ ಹೊರಡುವುದು ‘ಹೆಚ್ಚಿಸು’ ಎಂಬ ಒಂದೇ ಮಾತು. ಈಗ ಎಷ್ಟಿದೆ ಎನ್ನುವುದು ಟಿ.ವಿ.ಗೆ ಗೊತ್ತು, ರಿಮೋಟಿಗೆ ಗೊತ್ತಿರಬೇಕಾಗಿಲ್ಲ. ಏಸಿ ರಿಮೋಟ್ ಹಾಗಲ್ಲ. ಅದರ ಮೈಮೇಲೆ ಪುಟ್ಟ ಪರದೆ ಇರುವುದೇ ಲೆಕ್ಕ ಇಟ್ಟುಕೊಳ್ಳುವುದು ಅದರ ಕೆಲಸವಾದ್ದರಿಂದ. ಹೆಚ್ಚುಕಡಿಮೆ ಯಾವ ಗುಂಡಿ ಒತ್ತಿದರೂ ಅದು ಪೂರ್ತಿ ಸ್ಥಿತಿಯನ್ನೇ ಮತ್ತೊಮ್ಮೆ ಕಳಿಸುತ್ತದೆ: ಕೂಲ್ ಮೋಡ್, 25 ಡಿಗ್ರಿ, ಫ್ಯಾನ್ ಆಟೊ. ಏಸಿ ಹಿಂದಿನದ್ದನ್ನು ಮರೆತು ಇದನ್ನು ಪಾಲಿಸುತ್ತದೆ.

ಬಾಪೂಜಿನಗರದಲ್ಲಿ ನಮ್ಮ ಪಕ್ಕದ ಬೀದಿಯ ಡಿಪ್ಲೊಮಾ ಓದುವ ಹುಡುಗನೊಬ್ಬ ಈ ಬೇಸಿಗೆಯಲ್ಲಿ ಬಂದು ಕೇಳಿದ: ‘ಅಂಕಲ್, ಪ್ಲಸ್ ಬಟನ್ ರೆಕಾರ್ಡ್ ಮಾಡ್ಕೊಂಡಿದ್ದೀನಿ. ಒಂದ್ಸಲ ಕೆಲಸ ಮಾಡತ್ತೆ, ಆಮೇಲೆ ಎಷ್ಟು ಸಲ ಕಳ್ಸಿದ್ರೂ 25ರಲ್ಲೇ ನಿಂತಿರತ್ತೆ.’ ಅವನ ವೈರಿಂಗ್ ಸರಿಯಿತ್ತು, ಪ್ರೋಗ್ರಾಮೂ ಸರಿಯಿತ್ತು. ಅವನು ದಾಖಲಿಸಿಕೊಂಡಿದ್ದು ‘ಒಂದು ಡಿಗ್ರಿ ಏರಿಸು’ ಎಂಬುದನ್ನಲ್ಲ, ‘25 ಇಡು’ ಎಂಬುದನ್ನು. ಹಾಗಾದರೆ ಏಸಿಗೆ ಬೇಕಾದ್ದನ್ನೆಲ್ಲ ಹೇಳಲು ಎಷ್ಟು ಸಂದೇಶ ದಾಖಲಿಸಬೇಕು? 18ರಿಂದ 30ರವರೆಗೆ ಹದಿಮೂರು ಡಿಗ್ರಿ, ಫ್ಯಾನಿಗೆ ನಾಲ್ಕು ವೇಗ, ಮೂರು ಮೋಡ್ ಎಂದರೂ 156 ಆಯಿತು. ಅಷ್ಟನ್ನು ಯಾರೂ ಕೂತು ದಾಖಲಿಸಬೇಕಾಗಿಲ್ಲ. ಮೂರು ದಾಖಲೆಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಹೋಲಿಸಿದರೆ ಉಳಿದವನ್ನು ಲೆಕ್ಕ ಹಾಕಿ ಕಟ್ಟಬಹುದು. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಅದೇ.

ನನ್ನ ಅಗತ್ಯ ಸಣ್ಣದು. ಅಪ್ಪ ಅಮ್ಮ ಮಲಗುವ ಕೋಣೆಯಲ್ಲಿ ಎಲ್‌ಜಿ ಸ್ಪ್ಲಿಟ್ ಏಸಿ ಇದೆ. ಮಲಗುವಾಗ 24 ಹಿತ, ಬೆಳಗಿನ ಜಾವ ಅದೇ 24 ಅಪ್ಪನ ಮೊಣಕಾಲು ಹಿಡಿಸುತ್ತದೆ. ರಾತ್ರಿ ಒಂದಕ್ಕೆ 26 ಆಗಬೇಕು, ಐದಕ್ಕೆ ಆರಬೇಕು, ಇಬ್ಬರಲ್ಲಿ ಯಾರೂ ಏಳಬಾರದು.

ಬೇಕಾದ ಸಾಮಾನು ಎಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ನಮ್ಮ ಕಡೆಯಿಂದ ಮಾರ್ಕೆಟ್ ಬಸ್ ಹತ್ತಿದರೆ ಸಾಕು. ಇಎಸ್‌ಪಿ 8266 ಚಿಪ್ ಇರುವ ನೋಡ್‌ಎಂಸಿಯು ಬೋರ್ಡು, ಒಂದು ಇನ್ಫ್ರಾರೆಡ್ ಎಲ್‌ಇಡಿ, ಒಂದು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಒಂದು ಇನ್ಫ್ರಾರೆಡ್ ರಿಸೀವರ್. ಎಚ್ಚರ ಬೇಕಿರುವುದು ರಿಸೀವರಿನಲ್ಲಿ. ‘ರಿಮೋಟ್ ಸೆನ್ಸರ್ ಕೊಡಿ’ ಎಂದರೆ ಕೈಗೆ ಟಿಎಸ್‌ಒಪಿ 1738 ಬರಬಹುದು. ಅದು 5 ವೋಲ್ಟಿನ ಭಾಗ, ನಮ್ಮ ಚಿಪ್ 3.3 ವೋಲ್ಟಿನದು. ಟಿಎಸ್‌ಒಪಿ 38238 ಅಥವಾ ವಿಎಸ್ 1838ಬಿ ಎಂದು ಹೆಸರು ಹಿಡಿದೇ ಕೇಳಿ, ಎರಡೂ 3.3 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಕಾಲುಗಳ ಕ್ರಮವೂ ಬೇರೆ. 1738ರಲ್ಲಿ ಮೊದಲ ಕಾಲು ಗ್ರೌಂಡ್, ಈ ಎರಡರಲ್ಲಿ ಮೊದಲ ಕಾಲು ಔಟ್‌ಪುಟ್, ನಡುವಿನದು ಗ್ರೌಂಡ್. ಹಳೆಯ ಚಿತ್ರ ನೋಡಿ ಹೊಸ ಭಾಗ ಜೋಡಿಸಿದರೆ ಅದು ಕೈಗೆ ಬಿಸಿ ತಾಗುತ್ತದೆ. ತಕ್ಷಣ ಕರೆಂಟ್ ತೆಗೆಯಬೇಕು.

ಕೆನ್ ಶಿರಿಫ್ ಅವರು ಆರ್ಡುಯಿನೊಗಾಗಿ 2009ರಲ್ಲಿ ಬರೆದ ರಿಮೋಟ್ ಲೈಬ್ರರಿಯಿಂದ ಬೆಳೆದು ಬಂದದ್ದು `IRremoteESP8266`. ಅದರ ಜೊತೆಯಲ್ಲೇ ಬರುವ `IRrecvDumpV2` ಎಂಬ ಉದಾಹರಣೆಯನ್ನು ಬೋರ್ಡಿಗೆ ತುಂಬಿ, ರಿಸೀವರಿನ ಔಟ್‌ಪುಟ್ ಕಾಲನ್ನು ಡಿ5ಕ್ಕೆ ಸಿಕ್ಕಿಸಿದರೆ ದಾಖಲೆ ಶುರು. ಏಸಿಗಳ ಸಂದೇಶ ಉದ್ದ. ಕೆಲವು ಕಂಪನಿಗಳದು ನಡುವೆ ಉಸಿರು ತೆಗೆದುಕೊಂಡು ಮುಂದುವರಿಯುತ್ತದೆ. ಡೈಕಿನ್ ಸಂದೇಶದ ತುಂಡುಗಳ ನಡುವೆ ಸುಮಾರು 29 ಮಿಲಿಸೆಕೆಂಡು ಖಾಲಿ ಇರುತ್ತದೆ. ಲೈಬ್ರರಿ ಸಾಮಾನ್ಯವಾಗಿ 15 ಮಿಲಿಸೆಕೆಂಡು ಮೌನ ಕಂಡರೆ ಮಾತು ಮುಗಿಯಿತೆಂದು ತಿಳಿಯುತ್ತದೆ. ಒಂದೇ ಒತ್ತಿಗೆ ಎರಡು ಮೂರು ತುಂಡು ಸಂದೇಶ ಕಾಣಿಸಿದರೆ ಕಾರಣ ಇದೇ. `kTimeout` 50 ಇದೆಯೇ ನೋಡಿ. ಟ್ಯೂಬ್‌ಲೈಟ್ ಆರಿಸಿ, ರಿಮೋಟನ್ನು ಒಂದೆರಡು ಅಡಿ ದೂರ ಹಿಡಿಯಿರಿ. ಕೆಲವು ಟ್ಯೂಬ್‌ಲೈಟುಗಳ ಚೋಕೂ ಇನ್ಫ್ರಾರೆಡ್ ಗದ್ದಲ ಎಬ್ಬಿಸುತ್ತದೆ, ಪರದೆಯ ಮೇಲೆ ಯಾರೂ ಒತ್ತದ ಪುಟ್ಟ ಪುಟ್ಟ ಸಂದೇಶಗಳು ಬೀಳುತ್ತಿರುತ್ತವೆ.

ನಮ್ಮ ಏಸಿಯನ್ನು 24, 25, 26 ಡಿಗ್ರಿಗಳಲ್ಲಿ ಒಂದೊಂದು ಸಲ ಆರಿಸಿ ಆನ್ ಮಾಡಿದಾಗ ಬಂದದ್ದು ಇಷ್ಟು. ಫ್ಯಾನ್ ಮೂರರಲ್ಲೂ ಆಟೊ.

```
24   0x880095E
25   0x8800A5F
26   0x8800B50
OFF  0x88C0051
```

ಮೊದಲ ಮೂರು ಸಾಲುಗಳನ್ನು ನಿಧಾನವಾಗಿ ನೋಡಿ. ಬದಲಾಗುತ್ತಿರುವುದು ಎರಡೇ ಸ್ಥಾನ: ಐದನೆಯದು ಮತ್ತು ಕೊನೆಯದು. ಹೆಕ್ಸ್ ಎಣಿಕೆಯಲ್ಲಿ 9 ಆದಮೇಲೆ A ಅಂದರೆ 10, B ಅಂದರೆ 11. ಡಿಗ್ರಿಯಿಂದ 15 ಕಳೆದರೆ ಬರುವುದೂ 9, 10, 11. ಐದನೆಯ ಸ್ಥಾನ ತಾಪಮಾನ ಎಂದಾಯಿತು. ಆರನೆಯ 5 ಫ್ಯಾನ್ ಆಟೊ. ಫ್ಯಾನನ್ನು ಗರಿಷ್ಠಕ್ಕೆ ಇಟ್ಟು ನೋಡಿದರೆ ಅಲ್ಲಿ 4 ಬರುತ್ತದೆ.

ಕೊನೆಯ ಸ್ಥಾನ ಮಾತ್ರ ವಿಚಿತ್ರ: E, F, ಆಮೇಲೆ ಏಕಾಏಕಿ 0. ಅದು ತಾಳೆಯ ಅಂಕಿ. ಮೊದಲ 88 ಎಲ್‌ಜಿಯ ಗುರುತು, ಅದನ್ನು ಬಿಟ್ಟು ಮುಂದಿನ ನಾಲ್ಕನ್ನು ಕೂಡಿ. 24ಕ್ಕೆ 0+0+9+5, ಅಂದರೆ 14, ಹೆಕ್ಸಿನಲ್ಲಿ E. 25ಕ್ಕೆ 15, ಅಂದರೆ F. 26ಕ್ಕೆ 16, ಅದನ್ನು ಹೆಕ್ಸಿನಲ್ಲಿ 10 ಎಂದು ಬರೆಯುತ್ತಾರೆ, ಒಂದೇ ಸ್ಥಾನ ಇರುವುದರಿಂದ 0 ಉಳಿಯುತ್ತದೆ. ಆರಿಸುವ ಸಂದೇಶದಲ್ಲೂ ಇದೇ ನಿಯಮ: C ಅಂದರೆ 12, ಜೊತೆಗೆ 5 ಸೇರಿದರೆ 17, ಹೆಕ್ಸಿನಲ್ಲಿ 11, ಉಳಿದದ್ದು 1. ಲೆಕ್ಕ ನಾಲ್ಕೂ ಸಾಲಿಗೆ ಕೂತಾಗ ಆಗುವ ಸಂತೋಷ ನನಗೆ ಇನ್ನೂ ಹಳೆಯದಾಗಿಲ್ಲ. ತಾಳೆ ತಪ್ಪಿದ ಸಂದೇಶಕ್ಕೆ ಏಸಿ ಬೀಪ್ ಕೂಡ ಮಾಡುವುದಿಲ್ಲ. ಹಾಗಾಗಿ ಊಹಿಸಿ ಒಂದು ಅಂಕಿ ಬದಲಿಸಿ ಕಳಿಸುವುದು ವ್ಯರ್ಥ.

ಇನ್ನೊಂದು ಸೂಕ್ಷ್ಮ ಇದೆ. ಏಸಿ ಓಡುತ್ತಿರುವಾಗ ಪ್ಲಸ್ ಒತ್ತಿ 26 ಮಾಡಿದರೆ ಬರುವುದು `0x8808B58`. ನಾಲ್ಕನೆಯ ಸ್ಥಾನದಲ್ಲಿ 0 ಇದ್ದದ್ದು 8 ಆಗಿದೆ, ತಾಳೆಯೂ ಅದಕ್ಕೆ ಸರಿಯಾಗಿ ಬದಲಾಗಿದೆ. ಮಲಗಿರುವ ಏಸಿಯನ್ನು ಎಬ್ಬಿಸುವಾಗ 0, ಎದ್ದಿರುವುದಕ್ಕೆ ಹೊಸ ಡಿಗ್ರಿ ಹೇಳುವಾಗ 8. ಹುಡುಗ ಪ್ಲಸ್ ಒತ್ತಿ ದಾಖಲಿಸಿದ್ದರಲ್ಲಿ ಈ 8 ಇತ್ತು. ಆರಿರುವ ಏಸಿಯನ್ನು ಅದರಿಂದ ಎಬ್ಬಿಸಲು ಹೋಗಬಾರದು. ಗಾಳಿಯ ರೆಕ್ಕೆ ಮೇಲೆ ಕೆಳಗೆ ಆಡಿಸುವ ಸ್ವಿಂಗ್ ಈ ಲೆಕ್ಕದ ಹೊರಗಿದೆ. ಎಲ್‌ಜಿ ಅದಕ್ಕೆ ಪ್ರತ್ಯೇಕ ಸಂದೇಶ ಇಟ್ಟಿದೆ: ಆಡಿಸಲು `0x8813149`, ನಿಲ್ಲಿಸಲು `0x881315A`.

ಇಷ್ಟು ತಿಳಿದ ಮೇಲೆ ಕೂಲ್ ಮೋಡಿನ ಎಲ್ಲ ಸಂದೇಶಗಳೂ ಇಷ್ಟರಲ್ಲಿ ಅಡಗುತ್ತವೆ:

```cpp
uint32_t lgCool(uint8_t deg, uint8_t fan, bool running) {
  uint8_t m = running ? 8 : 0;
  uint8_t t = deg - 15;
  uint8_t sum = (m + t + fan) & 0xF;
  return 0x8800000UL | (m << 12) | (t << 8) | (fan << 4) | sum;
}
```

ರಾತ್ರಿ ಒಂದಕ್ಕೆ `irsend.sendLG(lgCool(26, 5, true), 28);` ಎಂಬ ಸಾಲು ಓಡುತ್ತದೆ. 28 ಎಂದರೆ ಬಿಟ್‌ಗಳ ಸಂಖ್ಯೆ, ಏಳು ಸ್ಥಾನಕ್ಕೆ ತಲಾ ನಾಲ್ಕು.

ಅಂಕಿಗಳನ್ನೇ ಕಳಿಸಬೇಕು, ಕಚ್ಚಾ ದಾಖಲೆಯನ್ನಲ್ಲ ಎಂದು ನಾನು ಹಟ ಹಿಡಿಯಲು ಕಾರಣವಿದೆ. ರಿಮೋಟಿನ ಬೆಳಕು ಸೆಕೆಂಡಿಗೆ 38,000 ಸಲ ಮಿನುಗುತ್ತದೆ. ರಿಸೀವರ್ ಆ ಮಿನುಗನ್ನು ಅಳಿಸಿ, ಬೆಳಕು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಇರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಎಲ್‌ಜಿಯಲ್ಲಿ ಆರಂಭಕ್ಕೆ 8,500 ಮೈಕ್ರೋಸೆಕೆಂಡಿನ ಉದ್ದನೆಯ ಬೆಳಕು. ಆಮೇಲೆ ಪ್ರತಿ ಬಿಟ್‌ಗೂ 550ರ ಬೆಳಕು, ಅದರ ನಂತರದ ಕತ್ತಲೆ 550 ಇದ್ದರೆ ಸೊನ್ನೆ, 1,600 ಇದ್ದರೆ ಒಂದು. ರಿಸೀವರ್ ಬೆಳಕಿನ ಹೊತ್ತನ್ನು ಹಲವು ಹತ್ತು ಮೈಕ್ರೋಸೆಕೆಂಡು ಹಿಗ್ಗಿಸಿ ತೋರಿಸುವುದುಂಟು. ಅದನ್ನೇ `sendRaw` ಮೂಲಕ ಮರಳಿ ಕಳಿಸಿದರೆ ಏಸಿಯ ರಿಸೀವರ್ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ, ದೂರದಿಂದ ಕೆಲಸ ಕೆಡುತ್ತದೆ. ಪರದೆ `UNKNOWN` ಎಂದರೆ ಮಾತ್ರ ಕಚ್ಚಾ ದಾಖಲೆಯೇ ಗತಿ. ಆಗಲೂ ಒಂದೇ ಗುಂಡಿಯ ಹಲವು ದಾಖಲೆ ನೋಡಿ 612, 587, 604 ಎಂದು ಚದುರಿದ್ದನ್ನೆಲ್ಲ ಒಂದೇ ಸಂಖ್ಯೆಗೆ ತಂದು ಕಳಿಸುವುದು ಮೇಲು.

ಕಳಿಸುವ ಎಲ್‌ಇಡಿಯನ್ನು ನೇರವಾಗಿ ಚಿಪ್ಪಿನ ಕಾಲಿಗೆ ಕಟ್ಟಬೇಡಿ. ಆ ಕಾಲು ಕೊಡಬಲ್ಲದ್ದು 12 ಮಿಲಿಆಂಪ್, ಕೋಣೆ ದಾಟಲು ಬೇಕಾದದ್ದು ಸುಮಾರು 100. 2ಎನ್2222 ಟ್ರಾನ್ಸಿಸ್ಟರಿನ ಬೇಸಿಗೆ ಡಿ2ರಿಂದ 470 ಓಮ್. ಎಲ್‌ಇಡಿಗೆ 5 ವೋಲ್ಟಿನಿಂದ 33 ಓಮ್. ಬೆಳಗುತ್ತಿದೆಯೇ ಎಂದು ನೋಡಲು ಮೊಬೈಲಿನ ಮುಂದಿನ ಕ್ಯಾಮೆರಾ ಸಾಕು, ಕಣ್ಣಿಗೆ ಕಾಣದ ಬೆಳಕು ಅದರಲ್ಲಿ ನಸು ನೇರಳೆಯಾಗಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಅದನ್ನು ತಡೆಯುವ ಫಿಲ್ಟರ್ ಇರುತ್ತದೆ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಇದು ಒಮ್ಮುಖದ ಮಾತು. ಏಸಿ ‘ಕೇಳಿಸಿತು’ ಎಂದು ಹೇಳುವುದು ಬೀಪಿನಲ್ಲಿ ಮಾತ್ರ, ಅದು ಬೋರ್ಡಿಗೆ ಕೇಳಿಸದು. ಗಾಳಿ ಹೊರಬರುವ ಬಾಯಿಯ ಹತ್ತಿರ ಡಿಎಸ್ 18ಬಿ20 ತಾಪಮಾನ ಸೆನ್ಸರ್ ಒಂದನ್ನು ಕೂರಿಸಿದ್ದೇನೆ. ಆನ್ ಸಂದೇಶ ಕಳಿಸಿದ ಮೇಲೆ ಅಲ್ಲಿನ ಗಾಳಿ ಕೋಣೆಗಿಂತ ಸ್ಪಷ್ಟವಾಗಿ ತಣ್ಣಗಾಗದಿದ್ದರೆ ಬೋರ್ಡು ಮತ್ತೆ ಕಳಿಸುತ್ತದೆ. ಆದರೆ ಹತ್ತು ನಿಮಿಷ ಬಿಟ್ಟು. ಆರಿದ ಕಂಪ್ರೆಸರ್ ಮತ್ತೆ ಹೊರಡಲು ಏಸಿಯೇ ಮೂರು ನಿಮಿಷದಷ್ಟು ತಡೆದುಕೊಳ್ಳುತ್ತದೆ. ಆ ಅವಧಿಯಲ್ಲಿ ತಂಪಿಲ್ಲ ಎಂದು ಅವಸರಿಸುವುದರಲ್ಲಿ ಅರ್ಥವಿಲ್ಲ.

ಅಪ್ಪನ ಕೈಲಿರುವ ರಿಮೋಟ್ ಇನ್ನೊಂದು ಪ್ರಶ್ನೆ. ಬೋರ್ಡು ಒಂದು ಗಂಟೆಗೆ 26 ಮಾಡಿದ್ದು ರಿಮೋಟಿಗೆ ಗೊತ್ತಾಗುವುದಿಲ್ಲ, ಅದರ ಪರದೆಯಲ್ಲಿ 24 ಹಾಗೇ ಇರುತ್ತದೆ. ಅಪ್ಪ ಎದ್ದು ಪ್ಲಸ್ ಒತ್ತಿದರೆ ಹೊರಡುವುದು 25, ಅಂದರೆ ಇದ್ದದ್ದಕ್ಕಿಂತ ತಂಪು. ಇದನ್ನು ಪೂರ್ತಿ ತಪ್ಪಿಸುವ ದಾರಿ ಇಲ್ಲ. ಬೋರ್ಡಿಗೆ ತಿಳಿಯುವಂತೆ ಮಾಡಬಹುದು. ದಾಖಲೆ ಮುಗಿದ ಮೇಲೂ ರಿಸೀವರನ್ನು ನಾನು ಕಿತ್ತಿಲ್ಲ. ರಿಮೋಟಿನ ಸಂದೇಶವೂ ಅದರ ಕಣ್ಣಿಗೆ ಬೀಳುತ್ತದೆ, ಐದನೆಯ ಸ್ಥಾನ ಓದಿ ಬೋರ್ಡು ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ, ಮನುಷ್ಯನ ಕೈ ಒತ್ತಿದ್ದು ಕಂಡರೆ ಆ ರಾತ್ರಿ ಬೆಳಗಿನ ಐದರ ಆರಿಸುವಿಕೆಯನ್ನು ಬಿಟ್ಟು ಬೇರೇನನ್ನೂ ಕಳಿಸುವುದಿಲ್ಲ. ತಾನೇ ಕಳಿಸುವಾಗ ಮಾತ್ರ `irrecv.disableIRIn()` ಎಂದು ಕಣ್ಣು ಮುಚ್ಚಿ, ಮುಗಿದ ಮೇಲೆ `irrecv.enableIRIn()` ಎಂದು ತೆರೆಯಬೇಕು. ಇಲ್ಲದಿದ್ದರೆ ಗೋಡೆಗೆ ಬಡಿದು ಬಂದ ತನ್ನದೇ 26ನ್ನು ಅಪ್ಪನ ಆದೇಶ ಎಂದು ಓದಿಕೊಳ್ಳುತ್ತದೆ.