ಒಂದಕ್ಕೂ ಇಲ್ಲ, ಒಂದೂವರೆಗೂ ಇಲ್ಲ

ಮೈಕಿಗೆ ಗಾಳಿತಡೆ ಹೊದಿಸುವ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ; ಹಾಸನದ ಗೆಳೆಯರೊಬ್ಬರು ಶೆಟ್ಟಿಹಳ್ಳಿಯಿಂದ ಕಳಿಸಿದ ಫೈಲು ಅದಕ್ಕಿಂತ ಸ್ವಾರಸ್ಯವಾಗಿದೆ.

ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಹಳೇ ಚರ್ಚಿನ ಬಳಿ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೈಕ್ ಸಿಕ್ಕಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿದ್ದಾರೆ. ನೀರು, ಗಾಳಿ, ಹಕ್ಕಿ ಎಲ್ಲ ಸೊಗಸು. ನಡುವೆ ಒಬ್ಬಾಕೆ ಮೇಕೆ ಕರೆಯುತ್ತಾಳೆ; ಗುಟ್ಟು ರಟ್ಟಾದದ್ದು ಅಲ್ಲಿ. ಹೆಂಗಸಿನ ದನಿ ಗಡುಸಾಗಿ, ಮಾತು ನಿದ್ದೆಗಣ್ಣಲ್ಲಿ ಆಡಿದಂತಿದೆ. ಹಕ್ಕಿಯ ಕೂಗು ಒಂದಿಷ್ಟು ಇಳಿದರೆ ನಮ್ಮ ಕಿವಿಗೆ ತಿಳಿಯುವುದಿಲ್ಲ, ಮನುಷ್ಯರ ದನಿ ಇಳಿದರೆ ತಕ್ಷಣ ತಿಳಿಯುತ್ತದೆ.

ಗೆಳೆಯರು ಫೋನಿನ ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷಕ್ಕೆ ನಿಲ್ಲಿಸಿದ್ದರು. ಫೈಲಿನ ಉದ್ದ 10 ನಿಮಿಷ 53 ಸೆಕೆಂಡು. ಇದೊಂದೇ ಸಾಕು. ಮೈಕು ಸೆಕೆಂಡಿಗೆ 48,000 ಸ್ಯಾಂಪಲ್ ಕಳಿಸಿದೆ. ಡ್ರೈವರ್ ತಾನು ಕೇಳಿದ 44,100 ಸಿಕ್ಕಿತೆಂದು ನಂಬಿದೆ, ರೆಕಾರ್ಡ್ ಮಾಡುವ ತಂತ್ರಾಂಶ ಫೈಲಿನ ತಲೆಬರಹದಲ್ಲಿ ಹಾಗೇ ಬರೆದಿದೆ. ಕೆಲವು ಅಗ್ಗದ ಮೈಕುಗಳು ಕೇಳಿದ್ದಕ್ಕೆಲ್ಲ ಹೂಂ ಅಂದು ತಮ್ಮ ಪಾಡಿಗೆ 48,000ದಲ್ಲೇ ಓಡುತ್ತವೆ. ಲಿನಕ್ಸ್ ಆದರೆ `dmesg`ನಲ್ಲಿ ಕೆಲವೊಮ್ಮೆ ದೂರು ಸಿಗುತ್ತದೆ: `current rate 48000 is different from the runtime rate 44100`. ತದ್ವಿರುದ್ಧವಾದರೆ, ಅಂದರೆ 44,100ರದ್ದು 48,000 ಎಂದು ಓಡಿದರೆ, ಹತ್ತು ನಿಮಿಷ 9 ನಿಮಿಷ 11 ಸೆಕೆಂಡಿಗೆ ಮುಗಿದು ದನಿ ಅಳಿಲಿನದಾಗುತ್ತದೆ.

ಇಳಿತ ಸುಮಾರು ಒಂದೂವರೆ ಸ್ವರಸ್ಥಾನ, ಸರಿಯಾಗಿ ಹೇಳಿದರೆ 1.47. ಎರಡರ ಶ್ರುತಿಯಲ್ಲಿ ಹಾಡಿದವರು ಒಂದಕ್ಕೂ ಇಲ್ಲ, ಒಂದೂವರೆಗೂ ಇಲ್ಲ, ನಡುವೆ ನಿಲ್ಲುತ್ತಾರೆ. ಹಾರ್ಮೋನಿಯಂನಲ್ಲಿ ಆ ಮನೆಯೇ ಇಲ್ಲ. ಅರ್ಧ ಮನೆ, ಒಂದು ಮನೆ ಕೆಳಗಿದ್ದರೆ ಹಾಡುಗಾರರೇ ಇಳಿಸಿಕೊಂಡರೇನೋ ಅನ್ನಬಹುದು. ಎರಡು ಕೀಲಿಗಳ ನಡುವೆ ಸಿಕ್ಕಿಕೊಂಡಿದ್ದರೆ ನಾನು ಮೊದಲು ಡ್ರೈವರನ್ನೇ ಅನುಮಾನಿಸುತ್ತೇನೆ.

ಇಲ್ಲಿ 'ಪಿಚ್ ಏರಿಸಿಬಿಡಿ ಸಾರ್' ಪಂಥದವರ ಹಳೇ ಲೆಕ್ಕ ಚುಕ್ತಾ ಮಾಡಬೇಕು. ಅವರ ಸಾಫ್ಟ್‌ವೇರ್ ಶ್ರುತಿ ಏರಿಸುತ್ತದೆ, ಕಾಲ ಮುಟ್ಟುವುದಿಲ್ಲ. ಮೇಕೆಯಾಕೆ ಸರಿಯಾದ ಶ್ರುತಿಯಲ್ಲಿ ನಿಧಾನವಾಗಿಯೇ ಕರೆಯುತ್ತಾಳೆ, ಜೊತೆಗೆ ಲೋಹದ ವಾಸನೆ ಬೇರೆ. ರೀಸ್ಯಾಂಪಲ್ ಮಾಡಿದರೂ ಪ್ರಯೋಜನವಿಲ್ಲ. ಅದು ತಪ್ಪು ದನಿಯನ್ನೇ ಜೋಪಾನವಾಗಿ ಹೊಸ ಲೆಕ್ಕಕ್ಕೆ ತರುತ್ತದೆ. ಸ್ಯಾಂಪಲ್‌ಗಳೆಲ್ಲ ಸರಿಯಾಗಿಯೇ ಇವೆ, ಚೀಟಿ ಮಾತ್ರ ತಪ್ಪು. ಚೀಟಿ ಬದಲಿಸಿ:

```
sox -r 48000 shettihalli.wav sari.wav
```

`-r` ಇನ್‌ಪುಟ್ ಫೈಲಿನ ಹೆಸರಿಗಿಂತ ಮುಂಚೆ ಬರಬೇಕು, ಆಗಲೇ ಅದು ತಲೆಬರಹವನ್ನು ಕಡೆಗಣಿಸುವುದು. ಔಟ್‌ಪುಟ್ ಹೆಸರಿನ ಮುಂದೆ ಹಾಕಿದರೆ ರೀಸ್ಯಾಂಪಲ್ ಆಗಿಬಿಡುತ್ತದೆ. ಆಡಾಸಿಟಿಯವರು ಟ್ರ್ಯಾಕಿನ ಮೆನುವಿನಲ್ಲಿ `Rate` ಬದಲಿಸಲಿ. ಹೀಗೆ ಮಾಡಿದ ಮೇಲೆ ಫೈಲು ಸರಿಯಾಗಿ ಹತ್ತು ನಿಮಿಷಕ್ಕೆ ಬಂತು.

ದನಿ ಸರಿಯಿದ್ದು ನಡುನಡುವೆ ಟಿಕ್ ಟಿಕ್ ಅಂದರೆ ಅದು ಬೇರೆ ಕಾಯಿಲೆ, ಈ ಮದ್ದು ತಾಗದು. ಗೆಳೆಯರು ಮತ್ತೆ ಹೋಗುವುದಾದರೆ ರೆಕಾರ್ಡ್ ಮಾಡುವ ತಂತ್ರಾಂಶದಲ್ಲೂ ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗಿನಲ್ಲೂ 48,000 ಇಟ್ಟುಕೊಂಡು, ಶುರುವಿನಲ್ಲಿ ತಮ್ಮ ದನಿಯಲ್ಲೇ ಒಂದು ವಾಕ್ಯ ಹೇಳಿ ಕೇಳಿಸಿಕೊಳ್ಳಲಿ. ಹಕ್ಕಿಗಳ ಸರದಿ ಆಮೇಲೆ.