ಕಡೂರಿನಲ್ಲಿ ಎಷ್ಟು ಹೊತ್ತು?

ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯ ಓದುಗರೊಬ್ಬರು ಹೊರನಾಡಿಗೆ ಹೋಗಿಬರುವ ತಮ್ಮ ಯೋಜನೆ ಕಳಿಸಿ, 'ಎಲ್ಲಾ ಕಡೆ ಒಂದೊಂದು ತಾಸು ಬಿಟ್ಟಿದ್ದೀನಿ, ಸಾಕಲ್ರೀ?' ಎಂದು ಕೇಳಿದ್ದಾರೆ. ಆ 'ಒಂದೊಂದು ತಾಸಿನ' ಪಂಥದ ಜೊತೆ ನನ್ನ ಜಗಳ ಹಳೆಯದು. ಕೊಂಕಣ ಕಾಯಲಿ.

ಅವರ ದಾರಿ ಸರಿಯಾಗಿಯೇ ಇದೆ: ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಕಡೂರು, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಮಗಳೂರು, ಮತ್ತೊಂದು ಬಸ್ಸಿನಲ್ಲಿ ಕಳಸದ ಮೇಲೆ ಹೊರನಾಡು. ಆದರೆ ಬಿಡುವನ್ನು ಅಳೆಯಬೇಕಾದದ್ದು ನಾವು ಬರುವ ಗಾಡಿ ಎಷ್ಟು ತಡವಾಗುತ್ತದೆ ಎಂಬುದರಿಂದಷ್ಟೇ ಅಲ್ಲ. ಮುಂದಿನ ಗಾಡಿ ತಪ್ಪಿದರೆ ಅದರ ನಂತರದ್ದು ಯಾವಾಗ ಎಂಬುದರಿಂದ. ಕಡೂರಿನಿಂದ ಚಿಕ್ಕಮಗಳೂರಿಗೆ ನಲವತ್ತು ಕಿಲೋಮೀಟರ್. ಹಗಲಿನಲ್ಲಿ ಒಂದು ಬಸ್ಸು ಹೋದರೆ ಇನ್ನೊಂದು ಸಿಗುತ್ತದೆ. ಅಲ್ಲಿ ಬಿಡುವೇ ಬೇಡ. ಮೇಲಾಗಿ ರಾತ್ರಿ ರೈಲು ಕಡೂರಿಗೆ ಬರುವುದು ನಸುಕಿಗೂ ಮುಂಚೆ. ಅದು ಒಂದು ತಾಸು ತಡವಾದರೆ ನಿಮಗೆ ನಷ್ಟವಿಲ್ಲ, ಬೆಂಚಿನ ಮೇಲೆ ಕೂರುವ ಹೊತ್ತು ಕಡಿಮೆಯಾಗುತ್ತದೆ.

ರೈಲಿನ ತಡದ ಬಗ್ಗೆ ಒಂದು ಮಾತು. ವೇಳಾಪಟ್ಟಿಯಲ್ಲಿ ಹೆಚ್ಚುವರಿ ನಿಮಿಷಗಳನ್ನು ಸಾಮಾನ್ಯವಾಗಿ ಕೊನೆಯ ನಿಲ್ದಾಣದ ಹತ್ತಿರ ತುಂಬಿರುತ್ತಾರೆ. ಯಶವಂತಪುರ ಮತ್ತು ಬೆಂಗಳೂರು ನಗರ ನಿಲ್ದಾಣದ ನಡುವಿನ ಅವಧಿಯನ್ನು ಎರಡೂ ದಿಕ್ಕಿನಲ್ಲಿ ಹೋಲಿಸಿ ನೋಡಿ: ಊರು ಬಿಡುವ ಗಾಡಿಗೆ ಹತ್ತು ನಿಮಿಷದ ಆಸುಪಾಸು, ಅಲ್ಲಿಗೆ ಬಂದು ಮುಗಿಯುವ ಗಾಡಿಗೆ ಅದಕ್ಕಿಂತ ಬಹಳ ಹೆಚ್ಚು. ಆ ಗಾಡಿ ಯಶವಂತಪುರಕ್ಕೆ ಕಾಲು ಗಂಟೆ ತಡವಾಗಿ ಬಂದರೂ ಕೊನೆಗೆ 'ಸರಿಯಾದ ಸಮಯಕ್ಕೆ' ಮುಟ್ಟುತ್ತದೆ. ಆದ್ದರಿಂದ 'ಈ ರೈಲು ಯಾವತ್ತೂ ಟೈಮಿಗೆ ಬರುತ್ತೆ' ಎಂಬ ಮಾತು ಬೆಂಗಳೂರಿನಲ್ಲಿ ಇಳಿಯುವವರ ಅನುಭವ. ಕಡೂರಿನಂಥ ನಡುದಾರಿಯಲ್ಲಿ ಇಳಿಯುವವರಿಗೆ ಅದು ಅನ್ವಯಿಸುವುದಿಲ್ಲ. ಎನ್‌ಟಿಇಎಸ್‌ನಲ್ಲಿ ನೋಡುವಾಗ ನಾವು ಇಳಿಯುವ ನಿಲ್ದಾಣದ ಸಮಯವನ್ನೇ ನೋಡಬೇಕು.

ಹೋಗುವುದು ಹೀಗೆ ಸುಲಭ. ಬರುವಾಗ ಎಲ್ಲವೂ ತಿರುಗುಮುರುಗು. ಈಗ ಸಾಲಿನ ಕೊನೆಯಲ್ಲಿರುವುದು ಸೀಟು ಕಾಯ್ದಿರಿಸಿದ ಒಂದೇ ಒಂದು ರೈಲು, ಅದಕ್ಕೆ ಮುಂಚೆ ಘಟ್ಟದ ರಸ್ತೆ. ರೈಲು ಕಡೂರಿಗೆ ರಾತ್ರಿ 11ಕ್ಕೆ ಎಂದಿಟ್ಟುಕೊಳ್ಳೋಣ. ಹೊರನಾಡಿನಿಂದ ಚಿಕ್ಕಮಗಳೂರಿಗೆ ನಾಲ್ಕು ತಾಸು, ಅಲ್ಲಿಂದ ಕಡೂರಿಗೆ ಒಂದೂಕಾಲು, ಬಸ್ಸು ಬದಲಿಸಲು ಮುಕ್ಕಾಲು, ಒಟ್ಟು ಆರು. ನಮ್ಮ ಓದುಗರು ಸಂಜೆ ನಾಲ್ಕಕ್ಕೆ ಹೊರಟು ಹತ್ತಕ್ಕೆ ಮುಟ್ಟುವ ಲೆಕ್ಕ ಹಾಕಿದ್ದಾರೆ. ಒಂದು ತಾಸು ಕೈಯಲ್ಲಿದೆ, ನಿಜ. ಆದರೆ ನಾಲ್ಕರ ಬಸ್ಸು ಬಾರದೆ ಮುಂದಿನದು ಆರಕ್ಕಿದ್ದರೆ ಆ ಒಂದು ತಾಸಿನಿಂದ ಏನೂ ಆಗುವುದಿಲ್ಲ. ಆದ್ದರಿಂದ ನನ್ನ ಪರೀಕ್ಷೆ ಒಂದೇ: ಅತಿ ವಿರಳವಾದ ಬಸ್ಸು ಒಂದು ತಪ್ಪಿದರೂ, ಅದರ ನಂತರದ್ದು ನನ್ನನ್ನು ರೈಲಿಗೆ ಮುಟ್ಟಿಸಬೇಕು. ಅಂದರೆ ದೇವಸ್ಥಾನದ ಊಟ ಮುಗಿಸಿ ಎರಡಕ್ಕೆಲ್ಲ ಹೊರಡಬೇಕು.

ಹೀಗೆ ಉಳಿಯುವ ಎರಡು ತಾಸನ್ನು ಹೊರನಾಡಿನಲ್ಲಾಗಲಿ ಕಳಸದಲ್ಲಾಗಲಿ ಕಳೆಯಬೇಡಿ. ಅಪಾಯದ ತುಂಡನ್ನು ದಾಟಿ, ಚಿಕ್ಕಮಗಳೂರಿನಲ್ಲಿ ಕಳೆಯಿರಿ. ಅಲ್ಲಿ ಊಟವಿದೆ, ಪೇಟೆಯಿದೆ, ಕಡೂರಿಗೆ ಬಸ್ಸುಗಳಿವೆ. ಎಂಟಕ್ಕೆ ಅಲ್ಲಿಂದ ಎದ್ದರೆ ಸಾಕು. ಕಳಸದ ಕಡೆಯ ಬಸ್ಸಿನ ವೇಳೆಯನ್ನು ಹಳೆಯ ನೆನಪಿನಿಂದ ಹೇಳುವವರನ್ನು ನಂಬಬೇಡಿ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಮಲೆನಾಡಿನ ಎಷ್ಟೋ ವೇಳೆಗಳು ಬದಲಾಗಿವೆ. ಹೋಗುವ ದಿನವೇ ಕಂಡಕ್ಟರರನ್ನು ಕೇಳಿ. 'ಮುಂದಿನ ಬಸ್ಸು ಯಾವಾಗ?' ಎಂದಲ್ಲ, 'ಕೊನೆ ಬಸ್ಸು ಯಾವಾಗ, ಭಾನುವಾರವೂ ಇದೆಯಾ?' ಎಂದು.

ಇಷ್ಟಾದ ಮೇಲೂ ರೈಲು ತಪ್ಪಿದರೆ? ಕಡೂರಿನಲ್ಲಿ ಮುಂದಿನ ರೈಲಿಲ್ಲದಿದ್ದರೆ ಬೀರೂರು ಜಂಕ್ಷನ್ ಆರೇಳು ಕಿಲೋಮೀಟರ್. ಎರಡೂ ನಿಲ್ದಾಣಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಜನರಲ್ ಟಿಕೆಟ್ ತೆಗೆದುಕೊಂಡೇ ಹತ್ತಬೇಕು, ತಪ್ಪಿದ ರೈಲಿನ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ರಸ್ತೆಯಲ್ಲಾದರೆ ಚಿತ್ರದುರ್ಗವನ್ನೋ ದಾವಣಗೆರೆಯನ್ನೋ ಮುಟ್ಟಿದರೆ ಸಾಕು, ಬೆಂಗಳೂರು–ಹುಬ್ಬಳ್ಳಿ ಬಸ್ಸುಗಳು ಹೆದ್ದಾರಿಯಲ್ಲಿ ರಾತ್ರಿಯಿಡೀ ಓಡುತ್ತವೆ.

ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2019ರ ಏಪ್ರಿಲ್‌ನಿಂದ ಇದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ಹಿಂದಕ್ಕೆ ಬರುತ್ತದೆ. ಆದರೆ ಅದು ರೈಲಿಗೂ ರೈಲಿಗೂ ನಡುವಿನ ಏರ್ಪಾಡು. ಬಸ್ಸು ತಡವಾಗಿ ರೈಲು ತಪ್ಪಿದವರಿಗೆ ರೈಲ್ವೆಯಿಂದ ಒಂದು ಪೈಸೆಯೂ ಬರುವುದಿಲ್ಲ.